ಎರಡು ಚಪ್ಪಾಳೆಗಳ ನಡುವಿನ ಮೂರು ತಾಸು

ಶಿರಸಿ ಕಡೆಯ ಒಂದು ಹಳ್ಳಿಯಲ್ಲಿ ತಾಳಮದ್ದಳೆಯ ದಾಖಲೀಕರಣಕ್ಕೆ ಹೋಗಿದ್ದೆವು. ಭಾಗವತರು ಶ್ರುತಿ ಸರಿಮಾಡಿಕೊಳ್ಳುತ್ತಿದ್ದರು, ಅರ್ಥಧಾರಿಗಳು ಶಾಲು ಸರಿಪಡಿಸಿಕೊಂಡು ಕೂತಿದ್ದರು. ನಾನು ವೇದಿಕೆಗೆ ಹೋಗಿ ರೆಕಾರ್ಡರಿನ ಪಕ್ಕ ನಿಂತು, ದಿನಾಂಕ ಮತ್ತು ಪ್ರಸಂಗದ ಹೆಸರನ್ನು ಗಟ್ಟಿಯಾಗಿ ಹೇಳಿ, ಒಂದೇ ಒಂದು ಚಪ್ಪಾಳೆ ತಟ್ಟಿ ಇಳಿದೆ. ‘ಮುಗಿದ ಮೇಲೂ ಒಮ್ಮೆ ತಟ್ಟಬೇಕು, ಎರಡು ನಿಮಿಷ ಯಾರೂ ಏಳಬೇಡಿ’ ಎಂದು ಕೇಳಿಕೊಂಡಾಗ ಭಾಗವತರು, ‘ಮಂಗಳ ಆದ್ಮೇಲೆ ಸಭೆಯವರೆಲ್ಲ ತಟ್ತಾರಲ್ಲ ಮಾರಾಯ್ರೆ, ಅದು ಸಾಲ್ದಾ?’ ಎಂದರು.

ಆ ಪ್ರಶ್ನೆ ನ್ಯಾಯವಾದದ್ದೇ, ಆದರೆ ಅದು ಸಾಲುವುದಿಲ್ಲ. ಇನ್ನೂರು ಜನ ತಟ್ಟುವ ಚಪ್ಪಾಳೆ ಮಳೆ ಬಂದ ಹಾಗೆ ಸುರಿಯುತ್ತದೆ. ಅದರಲ್ಲಿ ‘ಇದೋ, ಈ ಕ್ಷಣ’ ಎಂದು ಬೆರಳಿಟ್ಟು ತೋರಿಸಬಹುದಾದ ಒಂದು ಬಿಂದು ಇರುವುದಿಲ್ಲ. ನಮಗೆ ಬೇಕಿರುವುದು ಕ್ಯಾಮೆರಾದ ಕಣ್ಣಿಗೂ ರೆಕಾರ್ಡರಿನ ಕಿವಿಗೂ ಒಟ್ಟಿಗೆ ಸಿಗುವ ಒಂದೇ ಪೆಟ್ಟು. ಸಿನಿಮಾದ ಕ್ಲಾಪ್ ಬೋರ್ಡ್ ಮಾಡುವುದೂ ಇದನ್ನೇ. ಎರಡು ಪಟ್ಟಿಗಳು ಕೂಡುವ ಚಿತ್ರವನ್ನು ‘ಟಪ್’ ಎಂಬ ಸದ್ದಿನ ಮೇಲೆ ಕೂರಿಸಿದರೆ ಚಿತ್ರ ಮತ್ತು ಧ್ವನಿ ಜೊತೆಗೂಡುತ್ತವೆ. ನಾಲ್ಕೈದು ನಿಮಿಷದ ಶಾಟ್‌ಗೆ ಇಷ್ಟೇ ಸಾಕು. ಮೂರು ತಾಸಿನ ತಾಳಮದ್ದಳೆ, ಸಂಗೀತ ಕಚೇರಿ, ಹಿರಿಯರೊಬ್ಬರ ದೀರ್ಘ ಸಂದರ್ಶನ ಇಂಥವುಗಳಿಗೆ ಒಂದು ಚಪ್ಪಾಳೆ ಸಾಲದು. ಏಕೆ ಸಾಲದು, ಎರಡನೆಯದು ಏನು ಹೇಳುತ್ತದೆ ಎಂಬುದನ್ನು ಅಂದಿನ ಕೆಲಸವನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ನಮ್ಮ ಏರ್ಪಾಡು. ಮುಖ್ಯ ಕ್ಯಾಮೆರಾ ಸಭೆಯ ಹಿಂದೆ, ವೇದಿಕೆಯಿಂದ ಸುಮಾರು 14 ಮೀಟರ್ ದೂರದಲ್ಲಿತ್ತು. ಕರೆಂಟಿಗೆ ಜೋಡಿಸಿ ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ ಓಡಿಸಿದೆವು. ಎರಡನೆಯದು ಫೋನ್. ಅದು ವೇದಿಕೆಯ ಬದಿಯಲ್ಲಿ, ಭಾಗವತರ ಮುಖಕ್ಕೆ ಹತ್ತಿರ. ಫೋನ್ ಬಿಸಿಯಾಗುತ್ತದೆಂದು ನಡುನಡುವೆ ನಿಲ್ಲಿಸಿ ಮತ್ತೆ ಶುರುಮಾಡುತ್ತಿದ್ದೆವು. ಹೀಗೆ ಇಪ್ಪತ್ತು ನಿಮಿಷದ ಆಸುಪಾಸಿನ ಹಲವು ತುಣುಕುಗಳಾದವು. ಧ್ವನಿಗೆ ವೇದಿಕೆಯ ಮೇಲೆಯೇ ಪ್ರತ್ಯೇಕ ರೆಕಾರ್ಡರ್. ಹಿಂದಿನ ಕ್ಯಾಮೆರಾದ ಮೈಕಿಗೆ ಫ್ಯಾನಿನ ಸದ್ದು, ಮಗುವಿನ ಅಳು, ಚಹಾ ಲೋಟದ ಸದ್ದು ಎಲ್ಲವೂ ಚೆನ್ನಾಗಿ ಕೇಳುತ್ತದೆ. ಅರ್ಥಧಾರಿ ದನಿ ತಗ್ಗಿಸಿ ಆಡುವ ಮಾತು ಮಾತ್ರ ಕೇಳುವುದಿಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಇರುವುದೆಲ್ಲ ಹಾಡು ಮತ್ತು ಮಾತು. ಅದಕ್ಕೇ ಧ್ವನಿಯನ್ನು ಬೇರೆಯಾಗಿ ಹಿಡಿಯುವ ಈ ಕಷ್ಟವನ್ನು ನಾನು ಯಾವತ್ತೂ ಬಿಡುವುದಿಲ್ಲ.

ಚಿತ್ರದ ವೇಗವನ್ನು ಸೆಕೆಂಡಿಗೆ 25 ಫ್ರೇಮ್, ಶಟರನ್ನು 1/50 ಸೆಕೆಂಡ್ ಎಂದು ಇಟ್ಟಿದ್ದೆವು. ನಮ್ಮಲ್ಲಿ ವಿದ್ಯುತ್ತು 50 ಹರ್ಟ್ಸ್‌ನದ್ದು. ಹೀಗಿಟ್ಟರೆ ಟ್ಯೂಬ್‌ಲೈಟಿನ ಬೆಳಕು ಚಿತ್ರದಲ್ಲಿ ಮಿಣುಕುವುದಿಲ್ಲ. ಆಗ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್. ಮುಂದಿನ ಲೆಕ್ಕಗಳಿಗೆಲ್ಲ ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಸಾಕು. ರೆಕಾರ್ಡರಿನಲ್ಲಿ ಸೆಕೆಂಡಿಗೆ 48,000 ಮಾದರಿ, 24 ಬಿಟ್. ಸಂಗೀತದವರು 44,100 ಇಡುವುದುಂಟು, ಆದರೆ ವಿಡಿಯೊ ಕೆಲಸಕ್ಕೆ 48,000 ರೂಢಿಯದ್ದು. ಕ್ಯಾಮೆರಾಗಳೂ ಸಾಮಾನ್ಯವಾಗಿ ಅದನ್ನೇ ಬಳಸುತ್ತವೆ.

ಇನ್ನು ಚಪ್ಪಾಳೆ ತಟ್ಟುವ ಬಗೆ. ಕೈಗಳನ್ನು ಕ್ಯಾಮೆರಾಗೆ ಅಡ್ಡಲಾಗಿ ಹಿಡಿಯಬೇಕು, ಅಂದರೆ ಎರಡು ಅಂಗೈಗಳ ನಡುವಿನ ಸಂದು ಕ್ಯಾಮೆರಾಗೆ ಕಾಣಬೇಕು. ಅಂಗೈಯ ಹಿಂಭಾಗ ಕ್ಯಾಮೆರಾದ ಕಡೆಗಿದ್ದರೆ ಕೈಗಳು ಯಾವಾಗ ಕೂಡಿದವೆಂದು ಆಮೇಲೆ ಎಷ್ಟು ಕಣ್ಣು ಕಿರಿದು ಮಾಡಿ ನೋಡಿದರೂ ತಿಳಿಯುವುದಿಲ್ಲ. ತಟ್ಟುವ ಮುನ್ನ ಒಂದು ಸೆಕೆಂಡ್ ಮೌನ, ತಟ್ಟಿದ ಮೇಲೆ ಕೈ ಕೂಡಿಸಿಕೊಂಡೇ ಒಂದು ಸೆಕೆಂಡ್ ಮೌನ. ಎರಡು ಮೂರು ಸಲ ತಟ್ಟಬೇಡಿ. ಆಮೇಲೆ ಚಿತ್ರದಲ್ಲಿ ಎರಡನೆಯದನ್ನೂ ಧ್ವನಿಯಲ್ಲಿ ಮೂರನೆಯದನ್ನೂ ಹಿಡಿದು ಕೂರಿಸುವ ತಪ್ಪು ಬಹಳ ಸುಲಭ. ರೆಕಾರ್ಡರಿಗೆ ಹತ್ತಿರ ನಿಲ್ಲಬೇಕು, ಆದರೆ ಮೈಕಿನ ಮೂತಿಯ ಮೇಲೆ ಅಲ್ಲ. ಒಂದು ಮೀಟರ್ ಅಂತರ ಹಿತವಾದದ್ದು. ಎಲ್ಲ ಕ್ಯಾಮೆರಾಗಳೂ ರೆಕಾರ್ಡರೂ ಓಡಲು ಶುರುವಾದ ಮೇಲೆಯೇ ತಟ್ಟಬೇಕೆಂದು ಬೇರೆ ಹೇಳಬೇಕಿಲ್ಲ ಅನ್ನಿಸಬಹುದು. ಆದರೆ ಹೆಚ್ಚಿನ ಚಪ್ಪಾಳೆಗಳು ಕೈಕೊಡುವುದು ಅಲ್ಲೇ. ಪ್ರತಿಯೊಂದರ ಕೆಂಪು ದೀಪವನ್ನೂ ಸಮಯ ಓಡುವುದನ್ನೂ ಕಣ್ಣಾರೆ ನೋಡಿಯೇ ಕೈ ಎತ್ತಿ.

ಮನೆಗೆ ಬಂದ ಮೇಲೆ ಎಡಿಟಿಂಗ್ ತಂತ್ರಾಂಶದಲ್ಲಿ ಆ ಜಾಗಕ್ಕೆ ಹೋಗಿ, ಬಾಣದ ಕೀಲಿಯಿಂದ ಒಂದೊಂದೇ ಫ್ರೇಮ್ ಸರಿಸುತ್ತಾ ನೋಡಬೇಕು. ಒಂದು ಫ್ರೇಮಿನಲ್ಲಿ ಕೈಗಳ ನಡುವೆ ಸಂದಿರುತ್ತದೆ, ಮುಂದಿನದರಲ್ಲಿ ಕೂಡಿರುತ್ತವೆ. ಕೂಡಿರುವ ಮೊದಲ ಫ್ರೇಮೇ ನಮ್ಮ ಗುರುತು. ಧ್ವನಿಯ ಪಟ್ಟಿಯನ್ನು ಹಿಗ್ಗಿಸಿದರೆ ಮೌನದ ಸಪಾಟು ಗೆರೆಯಿಂದ ಗೋಡೆಯ ಹಾಗೆ ನೆಟ್ಟಗೆ ಎದ್ದ ಒಂದು ಏರು ಕಾಣುತ್ತದೆ. ಹೊಂದಿಸಬೇಕಾದದ್ದು ಆ ಏರಿನ ಬುಡವನ್ನು, ಅದರ ತುದಿಯನ್ನಲ್ಲ. ಒಂದು ಸೂಕ್ಷ್ಮವೂ ಇದೆ. 1/50 ಶಟರಿನಲ್ಲಿ ಕ್ಯಾಮೆರಾ ಪ್ರತಿ 40 ಮಿಲಿಸೆಕೆಂಡಿನಲ್ಲಿ 20 ಮಾತ್ರ ಕಣ್ಣು ತೆರೆದಿರುತ್ತದೆ. ಕೈಗಳು ನಿಜವಾಗಿ ಕೂಡಿದ್ದು ಕಣ್ಣು ಮುಚ್ಚಿದ ಹೊತ್ತಿನಲ್ಲೂ ಇರಬಹುದು. ಹಾಗಾಗಿ ಚಪ್ಪಾಳೆಯಿಂದ ಚಿತ್ರ ಮತ್ತು ಧ್ವನಿಯನ್ನು ಒಂದು ಫ್ರೇಮಿಗಿಂತ ನಿಖರವಾಗಿ ಹೊಂದಿಸುತ್ತೇನೆ ಅನ್ನುವುದರಲ್ಲಿ ಅರ್ಥವಿಲ್ಲ, ಅಷ್ಟು ಬೇಕಾಗಿಯೂ ಇಲ್ಲ.

ಎಷ್ಟು ಬೇಕು ಎಂಬುದಕ್ಕೆ ಒಂದು ಅಳತೆಗೋಲಿದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ BT.1359 ಶಿಫಾರಸಿನ ಪ್ರಕಾರ, ಧ್ವನಿ ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮೊದಲೇ ಬಂದರೆ ನೋಡುವವರ ಗಮನಕ್ಕೆ ಬರತೊಡಗುತ್ತದೆ. ತಡವಾಗಿ ಬಂದರೆ ಸುಮಾರು 125 ಮಿಲಿಸೆಕೆಂಡಿನವರೆಗೂ ಗೊತ್ತಾಗುವುದಿಲ್ಲ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮುಂಚೆ ಬಂದರೆ ಒಂದೇ ಫ್ರೇಮಿನಷ್ಟು ಸಹನೆ, ತಡವಾದರೆ ಮೂರು ಫ್ರೇಮಿನಷ್ಟು. ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವುದನ್ನು ನೋಡಿದವರಿಗೆ ಇದು ಸಹಜವಾಗಿ ಕಾಣುತ್ತದೆ. ಬಟ್ಟೆ ಕಲ್ಲಿಗೆ ಬಿದ್ದಾದ ಮೇಲೆ ಸದ್ದು ಬರುವುದನ್ನು ನಮ್ಮ ಕಣ್ಣು ಕಿವಿ ಹುಟ್ಟಿನಿಂದ ಬಲ್ಲವು. ಬೀಳುವ ಮೊದಲೇ ಸದ್ದು ಬರುವುದು ಲೋಕದಲ್ಲಿ ಎಲ್ಲೂ ಇಲ್ಲ. ಆದ್ದರಿಂದ ಎರಡು ಫ್ರೇಮುಗಳ ನಡುವೆ ಯಾವುದೆಂದು ಅನುಮಾನವಾದಾಗ ನಾನು ಧ್ವನಿಯನ್ನು ತಡವಾಗುವ ಕಡೆಗೇ ಬಿಡುತ್ತೇನೆ.

ಮೊದಲ ಚಪ್ಪಾಳೆಯ ಮೇಲೆ ಧ್ವನಿಯನ್ನು ಕೂರಿಸಿ ಓಡಿಸಿದಾಗ ಎಲ್ಲವೂ ಅಚ್ಚುಕಟ್ಟಾಗಿತ್ತು. ಪೀಠಿಕೆ ಮುಗಿದು ವಾದ ಕಾವೇರುವವರೆಗೂ ಏನೂ ತೊಂದರೆಯಿಲ್ಲ. ಎರಡು ತಾಸು ದಾಟಿದ ಮೇಲೆ ಭಾಗವತರ ತಾಳ ಕೂಡಿದ ನಂತರ ಸದ್ದು ಬರುತ್ತಿದೆಯಲ್ಲ ಅನ್ನಿಸತೊಡಗಿತು. ಕೊನೆಯ ಪದ್ಯದ ಹೊತ್ತಿಗೆ ಅದು ಯಾರ ಕಣ್ಣಿಗೂ ಬೀಳುವಷ್ಟಾಗಿತ್ತು. ಇದು ನಮ್ಮ ಕೈತಪ್ಪಲ್ಲ. ಕ್ಯಾಮೆರಾದೊಳಗೊಂದು ಗಡಿಯಾರವಿದೆ, ರೆಕಾರ್ಡರಿನೊಳಗೊಂದು. ಎರಡೂ ಸ್ಫಟಿಕದ ಕಂಪನದಿಂದ ನಡೆಯುತ್ತವೆ, ಎರಡೂ ‘ಇದು ಒಂದು ಸೆಕೆಂಡ್’ ಎಂದು ಅಳೆಯುತ್ತವೆ. ಆದರೆ ಒಬ್ಬರ ಸೆಕೆಂಡ್ ಮತ್ತೊಬ್ಬರ ಸೆಕೆಂಡಿಗೆ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಇರುತ್ತದೆ. ಹತ್ತು ಲಕ್ಷದಲ್ಲಿ ಇಪ್ಪತ್ತು ಪಾಲು ವ್ಯತ್ಯಾಸ ಇಂಥ ಸಾಧನಗಳಲ್ಲಿ ಅಚ್ಚರಿಯದ್ದಲ್ಲ. ಅಷ್ಟು ವ್ಯತ್ಯಾಸ ಒಂದು ಗಂಟೆಗೆ 72 ಮಿಲಿಸೆಕೆಂಡ್ ಆಗುತ್ತದೆ, ಅಂದರೆ ಎರಡು ಫ್ರೇಮಿಗೆ ಸ್ವಲ್ಪ ಕಡಿಮೆ. ಐದು ನಿಮಿಷದ ಶಾಟ್‌ನಲ್ಲಿ ಇದು ಎಲ್ಲಿದೆಯೆಂದೇ ತಿಳಿಯದು. ಮೂರು ತಾಸಿನಲ್ಲಿ ತುಟಿಯಿಂದ ಮಾತನ್ನು ಕಿತ್ತು ಬೇರೆಮಾಡಿಬಿಡುತ್ತದೆ.

ಇಲ್ಲಿ ಎರಡನೆಯ ಚಪ್ಪಾಳೆ ಕೆಲಸಕ್ಕೆ ಬಂತು. ಅಳೆಯುವಾಗ ಒಂದು ಉಪಾಯ ಮಾಡಬೇಕು. ಎರಡು ಗಡಿಯಾರಗಳ ವ್ಯತ್ಯಾಸವನ್ನು ಕಂಡುಹಿಡಿಯಲು ಚಿತ್ರವನ್ನು ನೋಡಬೇಡಿ, ಕ್ಯಾಮೆರಾ ತಾನೇ ಹಿಡಿದ ಧ್ವನಿಯನ್ನು ನೋಡಿ. ಕ್ಯಾಮೆರಾದ ಚಿತ್ರವೂ ಅದರ ಸ್ವಂತ ಧ್ವನಿಯೂ ಒಂದೇ ಗಡಿಯಾರದಲ್ಲಿ ನಡೆಯುವುದರಿಂದ ಅವೆರಡರ ನಡುವೆ ಜಾರುವಿಕೆ ಇರುವುದಿಲ್ಲ. ಚಿತ್ರದಲ್ಲಿ 40 ಮಿಲಿಸೆಕೆಂಡಿಗಿಂತ ಸಣ್ಣದನ್ನು ಓದಲಾಗದು, ಧ್ವನಿಯಲ್ಲಾದರೆ ಒಂದೆರಡು ಮಿಲಿಸೆಕೆಂಡಿನವರೆಗೂ ಓದಬಹುದು. ಚಪ್ಪಾಳೆ ತಟ್ಟುವವರು ಎರಡು ಸಲವೂ ಒಂದೇ ಜಾಗದಲ್ಲಿ ನಿಂತಿರಬೇಕು ಅಷ್ಟೆ. ಆಗ ಕ್ಯಾಮೆರಾದವರೆಗೆ ಸದ್ದು ಬರಲು ಹಿಡಿದ ಸಮಯ ಎರಡು ಸಲವೂ ಒಂದೇ ಆಗಿ ಲೆಕ್ಕದಿಂದ ಹೊರಟುಹೋಗುತ್ತದೆ.

ಅಂದಿನ ಅಂಕಿಗಳು ಹೀಗಿದ್ದವು. ರೆಕಾರ್ಡರಿನ ಕಡತದಲ್ಲಿ ಮೊದಲ ಚಪ್ಪಾಳೆ 131.48ನೇ ಸೆಕೆಂಡಿಗೆ, ಕೊನೆಯದು 11,402.71ಕ್ಕೆ. ನಡುವಿನ ಅವಧಿ 11,271.23 ಸೆಕೆಂಡ್. ಕ್ಯಾಮೆರಾದ ಧ್ವನಿಯಲ್ಲಿ ಮೊದಲನೆಯದು 47.24ಕ್ಕೆ, ಕೊನೆಯದು 11,318.24ಕ್ಕೆ. ನಡುವೆ 11,271.00 ಸೆಕೆಂಡ್. ಮೂರು ತಾಸು ಏಳು ನಿಮಿಷ 51 ಸೆಕೆಂಡಿನ ಒಂದೇ ಕಾರ್ಯಕ್ರಮವನ್ನು ರೆಕಾರ್ಡರ್ 0.23 ಸೆಕೆಂಡ್ ಉದ್ದ ಮಾಡಿ ಅಳೆದಿತ್ತು. ಸುಮಾರು ಆರು ಫ್ರೇಮ್. ಮೊದಲನೆಯ ಅವಧಿಯನ್ನು ಎರಡನೆಯದರಿಂದ ಭಾಗಿಸಿದರೆ 1.0000204. ಧ್ವನಿಯನ್ನು ಅಷ್ಟು ಪಟ್ಟು ವೇಗವಾಗಿ ಓಡಿಸಿದರೆ ಎರಡೂ ಉದ್ದ ಸಮವಾಗುತ್ತವೆ. ಇದರಿಂದ ಶ್ರುತಿ ಏರುವುದೇನೋ ನಿಜ, ಆದರೆ ಹತ್ತು ಲಕ್ಷಕ್ಕೆ ಇಪ್ಪತ್ತರ ಆ ಏರನ್ನು ಯಾವ ಭಾಗವತರ ಕಿವಿಯೂ ಹಿಡಿಯಲಾರದು.

ಎಡಿಟಿಂಗ್ ತಂತ್ರಾಂಶಗಳಲ್ಲಿ ವೇಗವನ್ನು ಶೇಕಡಾದಲ್ಲಿ ಕೇಳುತ್ತಾರೆ. ಹೆಚ್ಚಿನವು ಇಷ್ಟು ಸಣ್ಣ ಅಂಕಿಯನ್ನು ಸ್ವೀಕರಿಸದೆ 100 ಎಂದೇ ಉಳಿಸಿಕೊಳ್ಳುತ್ತವೆ. ನಾನು ಇದಕ್ಕೆ ಸಾಕ್ಸ್ ಎಂಬ ಉಚಿತ ಸಾಧನವನ್ನು ಬಳಸುತ್ತೇನೆ. ನಮ್ಮ ರೆಕಾರ್ಡರ್ ಒಂದು ಕಡತ 2 ಜಿಬಿ ತಲುಪಿದ ಕೂಡಲೇ ಮುಂದಿನ ಕಡತ ತೆರೆಯುತ್ತದೆ. ಸ್ಟೀರಿಯೊ ಧ್ವನಿಗೆ ಅದು ಎರಡು ತಾಸಿನ ಸುಮಾರಿಗೆ ಬರುತ್ತದೆ. ಹಾಗಾಗಿ ಮೊದಲು ಎರಡು ಕಡತಗಳನ್ನು ಜೋಡಿಸಿ, ಆಮೇಲೆ ವೇಗ ತಿದ್ದಿದೆ. ಮೇಲೆ ಕೊಟ್ಟ ರೆಕಾರ್ಡರಿನ ಅಂಕಿಗಳು ಈ ಜೋಡಿಸಿದ ಕಡತದವು.

```
sox rec1.wav rec2.wav full.wav
sox full.wav fixed.wav speed 1.0000204
```

ಕ್ಯಾಮೆರಾದ ಅವಧಿಯೇ ಉದ್ದವಾಗಿದ್ದರೆ ಇದೇ ಭಾಗಾಕಾರದ ಉತ್ತರ ಒಂದಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ, 0.99998 ಎಂಬ ಹಾಗೆ. ಅದನ್ನೇ ಬರೆದರಾಯಿತು. ತಿದ್ದಿದ ಧ್ವನಿಯನ್ನು ಮೊದಲ ಚಪ್ಪಾಳೆಯ ಮೇಲೆ ಕೂರಿಸಿ, ಕೊನೆಯ ಚಪ್ಪಾಳೆಗೆ ಹೋಗಿ ನೋಡಬೇಕು. ಅಲ್ಲಿ ಸರಿಯಿದ್ದರೂ ನಡುವಿನ ಒಂದು ಜಾಗವನ್ನು ನೋಡದೆ ಬಿಡಬಾರದು. ರಾತ್ರಿ ತಂಪಾದ ಹಾಗೆ, ಯಂತ್ರ ಬಿಸಿಯಾದ ಹಾಗೆ ಸ್ಫಟಿಕದ ನಡಿಗೆಯೂ ಚೂರು ಬದಲಾಗುತ್ತದೆ. ಒಂದೂವರೆ ತಾಸಿನ ಸುಮಾರಿಗೆ ಭಾಗವತರು ಪದ್ಯ ಎತ್ತಿಕೊಳ್ಳುವಾಗಿನ ತಾಳದ ಮೊದಲ ಪೆಟ್ಟನ್ನು ನೋಡಿದೆ. ಒಂದು ಫ್ರೇಮಿನೊಳಗೇ ಇತ್ತು. ಕಾರ್ಯಕ್ರಮದ ನಡುವೆ ಎದ್ದು ಹೋಗಿ ಚಪ್ಪಾಳೆ ತಟ್ಟುವುದು ಸಭೆಗೆ ಮಾಡುವ ಅವಮರ್ಯಾದೆ. ತಾಳ, ಚಂಡೆಯ ಕೋಲು, ಮದ್ದಳೆಯ ಮೇಲೆ ಬೀಳುವ ಕೈ ಇವು ಆ ಹೊತ್ತಿಗೆ ದೇವರು ಕೊಟ್ಟ ಕ್ಲಾಪ್ ಬೋರ್ಡುಗಳು. ತಾಳವೇ ಎಲ್ಲಕ್ಕಿಂತ ಒಳ್ಳೆಯದು. ಲೋಹದ ಸದ್ದಿನ ಏರು ಕಡಿದಾಗಿರುತ್ತದೆ, ಕೂಡುವುದು ಕಣ್ಣಿಗೆ ಕಾಣುತ್ತದೆ.

ಫೋನಿನ ತುಣುಕುಗಳಿಗೆ ಚಪ್ಪಾಳೆಯೇ ಇರಲಿಲ್ಲ. ಅಲ್ಲಿ ಅಲೆ ಹೊಂದಿಸುವ ವಿಧಾನ. ತಂತ್ರಾಂಶ ಏನು ಮಾಡುತ್ತದೆಂದು ತಿಳಿದಿದ್ದರೆ ಅದು ಎಲ್ಲಿ ಎಡವುತ್ತದೆಂದೂ ತಿಳಿಯುತ್ತದೆ. ಫೋನ್ ಹಿಡಿದ ಧ್ವನಿಯ ಅಲೆಯನ್ನು ರೆಕಾರ್ಡರಿನ ಅಲೆಯ ಮೇಲಿಟ್ಟು, ಸ್ವಲ್ಪ ಸ್ವಲ್ಪವೇ ಸರಿಸುತ್ತಾ, ಪ್ರತಿ ಜಾಗದಲ್ಲೂ ಎರಡನ್ನೂ ಗುಣಿಸಿ ಕೂಡಿಸಿ ನೋಡುತ್ತದೆ. ಏರಿನ ಮೇಲೆ ಏರು, ಇಳಿತದ ಮೇಲೆ ಇಳಿತ ಬಿದ್ದಲ್ಲಿ ಮೊತ್ತ ಅತಿ ದೊಡ್ಡದಾಗುತ್ತದೆ. ಅದೇ ಸರಿಯಾದ ಜಾಗವೆಂದು ತೀರ್ಮಾನಿಸುತ್ತದೆ. ಬಟ್ಟೆ ಹೊಲಿಯುವವರು ಎರಡು ತುಂಡಿನ ಹೂವು ಹೂವಿಗೆ ಕೂಡುವವರೆಗೆ ಸರಿಸಿ ನೋಡುವ ಹಾಗೆ. ಇದಕ್ಕೆ ಫೋನಿನಲ್ಲಿ ಧ್ವನಿ ಚೆನ್ನಾಗಿ ಬಂದಿರಬೇಕೆಂದಿಲ್ಲ, ಬಂದಿರಬೇಕು ಅಷ್ಟೆ. ‘ಹೇಗೂ ಬಳಸುವುದಿಲ್ಲವಲ್ಲ’ ಎಂದು ಕ್ಯಾಮೆರಾದ ಮೈಕನ್ನು ಆರಿಸಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಡಾವಿಂಚಿ ರಿಸಾಲ್ವ್‌ನಲ್ಲಿ ಮೀಡಿಯಾ ಪೂಲ್‌ನಲ್ಲಿ ವಿಡಿಯೊ ಮತ್ತು ಧ್ವನಿ ಎರಡನ್ನೂ ಆರಿಸಿ, ಬಲ ಗುಂಡಿ ಒತ್ತಿ `Auto Sync Audio` ತೆಗೆದು, `Waveform` ಆಧಾರವನ್ನು ಆರಿಸಬೇಕು. ಉಚಿತವಾದ ಕೆಡೆನ್‌ಲೈವ್‌ನಲ್ಲಿ ಎರಡನ್ನೂ ಟೈಮ್‌ಲೈನಿಗೆ ತಂದು, ರೆಕಾರ್ಡರಿನ ಧ್ವನಿಯ ಮೇಲೆ `Set Audio Reference`, ಫೋನಿನ ತುಣುಕಿನ ಮೇಲೆ `Align Audio to Reference`. ಬೇರೆ ತಂತ್ರಾಂಶಗಳಲ್ಲೂ ಇದೇ ಕೆಲಸಕ್ಕೆ ಇಂಥದೇ ಒಂದು ಮೆನು ಸಿಗುತ್ತದೆ. ನಾನು ಅಂದು ಬಳಸಿದ್ದು ಕೆಡೆನ್‌ಲೈವ್. ಗಡಿಯಾರ ತಿದ್ದಿದ ಧ್ವನಿಯನ್ನೇ ಆಧಾರವಾಗಿಟ್ಟೆ. ಇಪ್ಪತ್ತು ನಿಮಿಷದ ತುಣುಕಿನಲ್ಲಿ ಫೋನಿನ ಗಡಿಯಾರ ಅಷ್ಟೇ ಪ್ರಮಾಣದಲ್ಲಿ ತಪ್ಪಿದರೂ 24 ಮಿಲಿಸೆಕೆಂಡ್ ಮಾತ್ರ, ಒಂದು ಫ್ರೇಮೂ ಅಲ್ಲ. ಚಿಕ್ಕ ತುಣುಕುಗಳಿಗೆ ವೇಗ ತಿದ್ದುವ ಗೋಜು ಬೇಡ, ಜಾಗ ಸರಿಯಾಗಿ ಸಿಕ್ಕರೆ ಸಾಕು.

ಒಂದನ್ನು ಬಿಟ್ಟು ಉಳಿದ ತುಣುಕುಗಳೆಲ್ಲ ಸಲೀಸಾಗಿ ಕೂತವು. ತಪ್ಪಿದ ಆ ತುಣುಕು ಒಂದು ನಿಮಿಷಕ್ಕೂ ಚಿಕ್ಕದು, ಅದರ ತುಂಬ ಚಂಡೆ ಮದ್ದಳೆಯ ಒಂದೇ ನಡೆ. ತಾಳದ ಒಂದು ಆವರ್ತ ಮತ್ತೊಂದರ ಹಾಗೆಯೇ ಇರುವಾಗ ತಂತ್ರಾಂಶಕ್ಕೆ ಯಾವ ಆವರ್ತವಾದರೂ ಸರಿಯೇ. ಅದು ಒಂದು ಆವರ್ತ ಮುಂದೆ ಹೋಗಿ ಕೂತಿತ್ತು. ಭಾಗವತರ ಕೈ ತಾಳಕ್ಕೆ ತಕ್ಕ ಹಾಗೇ ಬೀಳುತ್ತಿದ್ದುದರಿಂದ ಮೊದಲ ನೋಟಕ್ಕೆ ತಪ್ಪು ಕಾಣಲೂ ಇಲ್ಲ. ತುಟಿ ಬೇರೆ ಅಕ್ಷರ ನುಡಿಯುತ್ತಿರುವುದನ್ನು ನೋಡಿದಾಗಲೇ ಗೊತ್ತಾದದ್ದು. ಮಾತಿನಲ್ಲಿ ಹೀಗಾಗುವುದಿಲ್ಲ. ಒಂದೇ ಶಬ್ದವನ್ನು ಎರಡು ಸಲ ಆಡಿದರೂ ಅಲೆ ಒಂದೇ ಆಗಿರುವುದಿಲ್ಲ. ಹಾಗಾಗಿ ಫೋನ್ ಮತ್ತೆ ಶುರುಮಾಡುವವರಿಗೆ ನಾನು ಹೇಳುವುದಿಷ್ಟೆ. ಅರ್ಥ ನಡೆಯುವಾಗ ಶುರುಮಾಡಿ, ಒಂದಷ್ಟು ಮಾತು ಒಳಗೆ ಬರಲಿ, ಆಮೇಲೆ ಬೇಕಿದ್ದರೆ ಪದ್ಯ ಹಿಡಿಯಿರಿ.

ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸಲು ಕಣ್ಣಿಗಿಂತ ಕಿವಿ ಚುರುಕು. ಫೋನಿನ ಧ್ವನಿಯನ್ನೂ ರೆಕಾರ್ಡರಿನ ಧ್ವನಿಯನ್ನೂ ಸಮ ಗಟ್ಟಿಯಲ್ಲಿ ಒಟ್ಟಿಗೆ ಓಡಿಸಿ ಕೇಳಿ. ಒಂದು ಮಾತು ಎರಡು ಸಲ ಬಿಡಿಬಿಡಿಯಾಗಿ ಕೇಳಿದರೆ ಎರಡು ಫ್ರೇಮಿಗಿಂತ ಹೆಚ್ಚು ತಪ್ಪಿದೆ. ಕೊಡದೊಳಗೆ ಮುಖವಿಟ್ಟು ಮಾತಾಡಿದ ಹಾಗೆ ಟೊಳ್ಳಾಗಿ ಕೇಳಿದರೆ ಬಹಳ ಹತ್ತಿರವಿದೆ, ಕೆಲವು ಮಿಲಿಸೆಕೆಂಡ್ ಮಾತ್ರ ಅಂತರ. ಆ ಟೊಳ್ಳು ಕೇಳಿಸಿದರೆ ಹೊಂದಿಕೆಯಾಯಿತೆಂದೇ ತಿಳಿದು ಫೋನಿನ ಧ್ವನಿಯನ್ನು ಮುಚ್ಚಬಹುದು. ಅಳಿಸಬೇಡಿ, ಮುಚ್ಚಿ ಸಾಕು. ಮುಂದೆ ಏನಾದರೂ ಅತ್ತಿತ್ತ ಸರಿದುಹೋದರೆ ಮತ್ತೆ ಕೂರಿಸಲು ಅದೇ ಆಧಾರ. ತುಟಿ ನೋಡಿ ಮಾಡುವ ಪರೀಕ್ಷೆಯನ್ನು ಮಾತ್ರ ವೈರ್ ಇರುವ ಇಯರ್‌ಫೋನಿನಲ್ಲೇ ಮಾಡಿ. ಬ್ಲೂಟೂತ್ ತಾನೇ ನೂರಿನ್ನೂರು ಮಿಲಿಸೆಕೆಂಡ್ ತಡಮಾಡುವುದುಂಟು. ಅದನ್ನು ಹಾಕಿಕೊಂಡು ತುಟಿಯನ್ನೂ ಮಾತನ್ನೂ ಹೋಲಿಸಿ ನೋಡುತ್ತ ಕೂತರೆ, ಸರಿಯಿದ್ದ ಧ್ವನಿಯನ್ನು ನಾವೇ ಹಿಂದಕ್ಕೆ ಎಳೆದು ಕೆಡಿಸುತ್ತೇವೆ.

ಇನ್ನೊಂದು ವಿಷಯವನ್ನು ನಾನು ಕಲಿಯಲು ಬಹಳ ಕಾಲ ಹಿಡಿಯಿತು. ಅಲೆ ಹೊಂದಿಸುವ ವಿಧಾನ ಚಿತ್ರವನ್ನು ನೋಡುವುದೇ ಇಲ್ಲ. ಅದು ಕ್ಯಾಮೆರಾದ ಮೈಕ್ ಕೇಳಿದ್ದನ್ನು ನಂಬುತ್ತದೆ. ಆದರೆ ಆ ಮೈಕ್ ದೂರದಲ್ಲಿದ್ದರೆ ತಡವಾಗಿ ಕೇಳಿರುತ್ತದೆ. ನಮ್ಮ ಬೆಚ್ಚನೆಯ ರಾತ್ರಿಗಳಲ್ಲಿ ಸದ್ದು ಸೆಕೆಂಡಿಗೆ ಸುಮಾರು 350 ಮೀಟರ್ ಹೋಗುತ್ತದೆ. 14 ಮೀಟರ್ ದಾಟಲು 40 ಮಿಲಿಸೆಕೆಂಡ್ ಬೇಕು, ಸರಿಯಾಗಿ ಒಂದು ಫ್ರೇಮ್. ಅಂದು ಮುಖ್ಯ ಕ್ಯಾಮೆರಾದಲ್ಲಿ ಇದು ಕಣ್ಣಿಗೆ ಕಟ್ಟಿದ ಹಾಗಿತ್ತು. ಕೈ ಕೂಡಿದ ಚಿತ್ರ 47.20ನೇ ಸೆಕೆಂಡಿನ ಫ್ರೇಮಿನಲ್ಲಿ, ಅದೇ ಕ್ಯಾಮೆರಾದ ಧ್ವನಿಯಲ್ಲಿ ಚಪ್ಪಾಳೆ 47.24ಕ್ಕೆ. ಅಲೆಯನ್ನು ಹೊಂದಿಸಿದ್ದರೆ ರೆಕಾರ್ಡರಿನ ಶುದ್ಧವಾದ ಧ್ವನಿಯೂ ಆ 40 ಮಿಲಿಸೆಕೆಂಡ್ ತಡವನ್ನು ಹೊತ್ತುಕೊಂಡೇ ಕೂರುತ್ತಿತ್ತು. ಚಪ್ಪಾಳೆಯ ಚಿತ್ರಕ್ಕೆ ಹೊಂದಿಸಿದ್ದರಿಂದ ಅದು ಬರಲಿಲ್ಲ.

ಒಂದು ಫ್ರೇಮ್ ತಡ ತಡೆದುಕೊಳ್ಳುವಂಥದ್ದೇ, ಆಗಲೇ ಹೇಳಿದ ಅಳತೆಯೊಳಗೇ ಇದೆ. ಬಯಲಾಟದಲ್ಲಿ 40 ಮೀಟರ್ ಹಿಂದೆ ಕ್ಯಾಮೆರಾ ಇಟ್ಟು, ಜೂಮ್ ಮಾಡಿ ವೇಷಧಾರಿಯ ಮುಖ ತುಂಬ ತೋರಿಸುವಾಗ ಮಾತ್ರ ತಡವಾಗುವುದು ಸುಮಾರು ಮೂರು ಫ್ರೇಮ್. ದೂರದ ದೃಶ್ಯವಾದರೆ ಆ ತಡ ಸಹಜವೆನ್ನಿಸುತ್ತದೆ. ಮುಖ ಹತ್ತಿರವಿದ್ದು ಧ್ವನಿ ಹತ್ತಿರದ ಮೈಕಿನದ್ದಾದಾಗ ಕಣ್ಣಿಗೂ ಕಿವಿಗೂ ಜಗಳ ಹತ್ತುತ್ತದೆ. ಹಾಗಾಗಿ ದೂರದಿಂದ ಹಿಡಿದದ್ದನ್ನು ಅಲೆಯಿಂದ ಹೊಂದಿಸಿದ ಮೇಲೆ, ಪ್ರತಿ 14 ಮೀಟರಿಗೆ ಒಂದು ಫ್ರೇಮ್ ಎಂಬ ಲೆಕ್ಕದಲ್ಲಿ ಧ್ವನಿಯನ್ನು ಹಿಂದಕ್ಕೆ, ಅಂದರೆ ಟೈಮ್‌ಲೈನಿನಲ್ಲಿ ಎಡಕ್ಕೆ, ಸರಿಸುತ್ತೇನೆ. ದೂರವನ್ನು ಹೆಜ್ಜೆ ಹಾಕಿ ಅಳೆದು ಚೀಟಿಯಲ್ಲಿ ಬರೆದುಕೊಂಡು ಬಂದರೆ ಸಾಕು.

ಧ್ವನಿ ತಪ್ಪಿದೆ ಎಂದು ಯಾರಾದರೂ ಫೈಲ್ ತಂದುಕೊಟ್ಟಾಗ ನಾನು ಮೊದಲು ಕೇಳುವುದು, ತಪ್ಪು ಎಲ್ಲೆಡೆ ಒಂದೇ ಅಳತೆಯಲ್ಲಿದೆಯೇ ಎಂದು. ಒಂದೇ ಆಗಿದ್ದರೆ ಕೂರಿಸಿದ ಜಾಗ ತಪ್ಪಿದೆ. ಆರಂಭದಲ್ಲಿ ಸರಿಯಿದ್ದು ನಿಧಾನವಾಗಿ ಬೆಳೆಯುತ್ತ ಹೋದರೆ ಅದು ಗಡಿಯಾರದ ಮಾತು. ಒಂದು ಜಾಗದವರೆಗೆ ಸರಿಯಿದ್ದು ಅಲ್ಲಿಂದ ತಟ್ಟನೆ ಜಿಗಿದಿದ್ದರೆ ಆ ಜಾಗದಲ್ಲಿ ಕ್ಯಾಮೆರಾದ ಒಂದು ಫೈಲ್ ಮುಗಿದು ಇನ್ನೊಂದು ಶುರುವಾಗಿರುತ್ತದೆ. ಕೆಲವು ಕ್ಯಾಮೆರಾಗಳು 4 ಜಿಬಿ ಆದ ಕೂಡಲೇ ಫೈಲ್ ಮುರಿಯುತ್ತವೆ, ಮುರಿಯುವಾಗ ಒಂದೆರಡು ಫ್ರೇಮ್ ಕಳೆದುಕೊಳ್ಳುವಂಥವೂ ಇವೆ. ಹಳೆಯ ಹಲವು ಸ್ಟಿಲ್ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ನಿಂತೇಬಿಡುತ್ತವೆ. ಅಂಥಲ್ಲಿ ಪ್ರತಿ ಫೈಲನ್ನೂ ಬೇರೆ ತುಣುಕೆಂದೇ ತಿಳಿದು ಹೊಂದಿಸಬೇಕು, ಇಡೀ ರಾತ್ರಿಯದನ್ನು ವೇಗ ತಿದ್ದಿ ಸರಿಮಾಡಲು ಹೊರಡಬಾರದು.

ನಾಲ್ಕನೆಯದೇ ಹೆಚ್ಚು ಕಾಡುವುದು. ತಪ್ಪು ಒಮ್ಮೆ ಬೆಳೆದು, ಒಮ್ಮೆ ತಗ್ಗಿ, ಮತ್ತೆ ಬೆಳೆಯುತ್ತದೆ. ಇದು ಬಹುಮಟ್ಟಿಗೆ ಫೋನಿನದ್ದು. ಫೋನ್ 25 ಎಂದು ಹೇಳಿದರೂ ಬೆಳಕು ಕಡಿಮೆಯಾದಾಗ, ಬಿಸಿಯಾದಾಗ ತನ್ನ ಅನುಕೂಲಕ್ಕೆ ಫ್ರೇಮುಗಳ ಅಂತರವನ್ನು ಹಿಗ್ಗಿಸಿ ಕುಗ್ಗಿಸಿಕೊಳ್ಳುತ್ತದೆ. ಕೆಲವು ಎಡಿಟಿಂಗ್ ತಂತ್ರಾಂಶಗಳು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಎಲ್ಲ ಫ್ರೇಮುಗಳನ್ನೂ ಸಮ ಅಂತರದಲ್ಲಿ ಹಂಚಿಬಿಡುತ್ತವೆ. ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಫೈಲ್ ತೆರೆದರೆ `Frame rate mode : Variable` ಎಂದು ತೋರಿಸುತ್ತದೆ. ಹಾಗಿದ್ದರೆ ಎಡಿಟಿಂಗಿಗೆ ತರುವ ಮೊದಲೇ ಸಮ ಅಂತರಕ್ಕೆ ಪರಿವರ್ತಿಸಿಕೊಳ್ಳಬೇಕು.

```
ffmpeg -i phone.mp4 -vf fps=25 -c:v libx264 -crf 16 -c:a pcm_s16le phone_cfr.mov
```

ಫೋನಿನಲ್ಲಿ 30 ಇಟ್ಟು ಹಿಡಿದಿದ್ದರೆ ಇಲ್ಲಿ 25ರ ಬದಲು 30 ಬರೆಯಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಫೈಲೂ ದೊಡ್ಡದಾಗುತ್ತದೆ. ಆದರೆ ಇದನ್ನು ಬಿಟ್ಟು ಕತ್ತರಿಸಿ ಸರಿಸಿ ಹೊಂದಿಸಲು ಕೂತರೆ ಒಂದು ಕಡೆ ಸರಿಮಾಡಿದ್ದು ಇನ್ನೊಂದು ಕಡೆ ಕೆಡುತ್ತಲೇ ಇರುತ್ತದೆ. ನಮ್ಮ ಫೋನಿನ ತುಣುಕುಗಳನ್ನೆಲ್ಲ ಹೀಗೆ ಪರಿವರ್ತಿಸಿಯೇ ಅಲೆ ಹೊಂದಿಸಿದ್ದು.

ಆ ರಾತ್ರಿ ಮಂಗಳ ಹಾಡಿ ಮುಗಿದಾಗ ಸಭೆ ಚಪ್ಪಾಳೆ ತಟ್ಟಿತು. ಅದು ಅಡಗುವವರೆಗೆ ಕಾದು ನಾನು ವೇದಿಕೆ ಹತ್ತಿದೆ. ಅರ್ಥಧಾರಿಗಳು ಎದ್ದು ಕಾಲು ಸಡಿಲಿಸುತ್ತಿದ್ದರು, ಯಾರೋ ಮೈಕಿನ ಸ್ಟ್ಯಾಂಡ್ ಎತ್ತಲು ಬಂದಾಗಿತ್ತು. ‘ಒಂದು ನಿಮಿಷ ತಡೀರಿ, ಅವರದ್ದೊಂದು ಬಾಕಿ ಇದೆ’ ಎಂದು ಭಾಗವತರೇ ಅವರನ್ನು ನಿಲ್ಲಿಸಿದರು. ಮೊದಲು ನಿಂತಿದ್ದ ಜಾಗದಲ್ಲೇ ನಿಂತು, ಕೈಗಳನ್ನು ಕ್ಯಾಮೆರಾಗೆ ಅಡ್ಡಲಾಗಿ ಹಿಡಿದು, ‘ಕೊನೆಯ ಕ್ಲಾಪ್’ ಎಂದು ಹೇಳಿ ತಟ್ಟಿದೆ. ರೆಕಾರ್ಡರಿನಲ್ಲಿ ಆಗ 11,402ನೇ ಸೆಕೆಂಡ್ ನಡೆಯುತ್ತಿತ್ತು.